ಸ್ಮಾರಕ ಉಪನ್ಯಾಸದಲ್ಲಿ ಅತಿಥಿ ಪರಿಚಯ: ಅಗಲಿದ ವಿದ್ವಾಂಸರಿಗೆ ಎಷ್ಟು, ಮಾತನಾಡಲು ಬಂದವರಿಗೆ ಎಷ್ಟು?

ಪ್ರಶ್ನೆ: ನಾನು ಪದವಿ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಕಲಿಸುತ್ತೇನೆ. ಮುಂದಿನ ತಿಂಗಳು ನಮ್ಮ ವಿಭಾಗದಲ್ಲಿ ಎಂ.ಎನ್. ಶ್ರೀನಿವಾಸ್ ಸ್ಮಾರಕ ಉಪನ್ಯಾಸವಿದೆ. ಅತಿಥಿಯನ್ನು ಪರಿಚಯಿಸುವ ಕೆಲಸ ನನಗೆ ಬಂದಿದೆ. ಜೊತೆಗೆ ಶ್ರೀನಿವಾಸರನ್ನೂ ನಾಲ್ಕು ಮಾತಿನಲ್ಲಿ ಸ್ಮರಿಸಬೇಕಂತೆ. ಸಿಗುವುದು ಐದು ನಿಮಿಷ. ನನ್ನ ತೊಡಕೆಂದರೆ, ಬರುತ್ತಿರುವವರು ದಲಿತ ಕೇರಿಗಳಲ್ಲಿ ಸಂಶೋಧನೆ ಮಾಡಿದವರು, ಶ್ರೀನಿವಾಸರ ವಿಚಾರಗಳನ್ನು ಬಲವಾಗಿ ವಿಮರ್ಶಿಸಿದವರು. ಇಬ್ಬರಿಗೂ ಅಗೌರವವಾಗದ ಹಾಗೆ ಹೇಗೆ ಮಾತನಾಡಲಿ?

ಉತ್ತರ: ಬರೆಯಲು ಕೂರುವ ಮೊದಲು ಎರಡು ಫೋನ್ ಮಾಡಿ. ಮೊದಲನೆಯದು ಅವತ್ತು ಪ್ರಾಸ್ತಾವಿಕ ನುಡಿ ಆಡುವವರಿಗೆ. ನಮ್ಮ ಕಾಲೇಜು ಸಭೆಗಳ ಕ್ರಮ ನಿಮಗೆ ಗೊತ್ತೇ ಇದೆ: ಪ್ರಾರ್ಥನೆ, ಭಾವಚಿತ್ರಕ್ಕೆ ಪುಷ್ಪನಮನ, ಸ್ವಾಗತ, ಪ್ರಾಸ್ತಾವಿಕ, ಆಮೇಲೆ ಅತಿಥಿ ಪರಿಚಯ. ನಿಮ್ಮ ಸರದಿ ಬರುವ ಹೊತ್ತಿಗೆ ಶ್ರೀನಿವಾಸರು 1916ರ ನವೆಂಬರ್ 16ರಂದು ಮೈಸೂರಿನಲ್ಲಿ ಹುಟ್ಟಿದರು, ಮುಂಬೈಯಲ್ಲಿ ಘುರ್ಯೆ ಅವರ ಕೈಕೆಳಗೆ ಓದಿದರು, ಆಕ್ಸ್‌ಫರ್ಡ್‌ಗೆ ಹೋದರು, ಬರೋಡ ಮತ್ತು ದೆಹಲಿಯಲ್ಲಿ ಸಮಾಜಶಾಸ್ತ್ರ ವಿಭಾಗಗಳನ್ನು ಕಟ್ಟಿದರು, 1977ರಲ್ಲಿ ಪದ್ಮಭೂಷಣ ಬಂತು, 1999ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು ಎಂಬುದನ್ನು ಸಭೆ ಒಮ್ಮೆ ಕೇಳಿರುತ್ತದೆ. ಸ್ವಾಗತ ಕೋರುವವರು ಉತ್ಸಾಹಿಗಳಾಗಿದ್ದರೆ ಎರಡು ಸಲ. ಆದ್ದರಿಂದ ಪ್ರಾಸ್ತಾವಿಕದವರ ಜೊತೆ ಮಾತಾಡಿ ಜೀವನಚರಿತ್ರೆಯನ್ನು ಪೂರ್ತಿ ಅವರಿಗೇ ಬಿಟ್ಟುಕೊಡಿ. ನೀವು ಶ್ರೀನಿವಾಸರ ಕೆಲಸದ ಒಂದೇ ಒಂದು ಭಾಗವನ್ನು ಎತ್ತಿಕೊಳ್ಳುತ್ತೀರಿ, ಅದು ಯಾವುದು ಎಂದೂ ಅವರಿಗೆ ತಿಳಿಸಿ. ಅದನ್ನು ಅವರು ಮುಟ್ಟದೆ ಬಿಟ್ಟರೆ ಸಾಕು.

ಎರಡನೆಯ ಫೋನ್ ಅತಿಥಿಗೆ. ಅವರ ಬಯೋಡೇಟಾ ನಿಮ್ಮ ಇಮೇಲ್‌ಗೆ ಬಂದಿರುತ್ತದೆ, ಆದರೂ ಮಾತಾಡಿ. ಹೆಸರನ್ನು ಹೇಗೆ ಹೇಳಬೇಕು, ಡಾಕ್ಟರ್ ಅನ್ನಬೇಕೋ ಪ್ರೊಫೆಸರ್ ಅನ್ನಬೇಕೋ, ಉಪನ್ಯಾಸದ ಶೀರ್ಷಿಕೆ ಆಹ್ವಾನ ಪತ್ರಿಕೆಯಲ್ಲಿ ಅಚ್ಚಾದದ್ದೇ ಉಳಿದಿದೆಯೋ ಬದಲಾಗಿದೆಯೋ ಎಂಬ ಸಣ್ಣ ಪ್ರಶ್ನೆಗಳು ಮೊದಲು ಮುಗಿಯಲಿ. ಬಳಿಕ ಮುಖ್ಯವಾದದ್ದನ್ನು ಕೇಳಿ: ಶ್ರೀನಿವಾಸರ ಯಾವ ಬರಹ ನಿಮಗೆ ಕೆಲಸಕ್ಕೆ ಬಂತು, ಯಾವುದರ ಜೊತೆ ನಿಮ್ಮ ಜಗಳ? ವಿಮರ್ಶಿಸುವವರು ಸಾಮಾನ್ಯವಾಗಿ ಅಭಿಮಾನಿಗಳಿಗಿಂತ ಹೆಚ್ಚು ಎಚ್ಚರದಿಂದ ಓದಿರುತ್ತಾರೆ, ಇಷ್ಟು ನಿಖರವಾಗಿ ಕೇಳಿದವರು ಸಿಕ್ಕರೆ ಸಂತೋಷದಿಂದ ಉತ್ತರಿಸುತ್ತಾರೆ. ಕೊನೆಗೆ ಒಂದು ಅನುಮತಿ ಕೇಳಿಕೊಳ್ಳಿ. 'ನಿಮಗೂ ಅವರಿಗೂ ಇರುವ ಭಿನ್ನಾಭಿಪ್ರಾಯವನ್ನು ನಾನು ವೇದಿಕೆಯಲ್ಲಿ ಒಂದು ವಾಕ್ಯದಲ್ಲಿ ಹೇಳಬಹುದೇ?' ಕೆಲವರು ಅದನ್ನು ತಾವೇ ತಮ್ಮ ರೀತಿಯಲ್ಲಿ ಬಿಚ್ಚಿಡಲು ಕಾದಿರುತ್ತಾರೆ. ಬೇಡ ಅಂದರೆ ಬಿಟ್ಟುಬಿಡಿ.

ಈಗ ಶ್ರೀನಿವಾಸರ ಯಾವ ಭಾಗವನ್ನು ಆರಿಸಬೇಕು ಎಂಬ ಪ್ರಶ್ನೆ. ಸುಲಭವಾಗಿ ಕೈಗೆ ಬರುವುದು ಅವರು ಚಾಲ್ತಿಗೆ ತಂದ ಪರಿಕಲ್ಪನೆಗಳ ಪಟ್ಟಿ: ಸಂಸ್ಕೃತೀಕರಣ, ಪ್ರಬಲ ಜಾತಿ, ವೋಟ್ ಬ್ಯಾಂಕ್. ಪಟ್ಟಿ ಹೇಳಿದರೆ ವಿದ್ಯಾರ್ಥಿಗಳಿಗೆ ಪರೀಕ್ಷೆಯ ನೆನಪಾಗುತ್ತದೆ, ಹಿರಿಯರಿಗೆ ಹೊಸದೇನೂ ಸಿಗುವುದಿಲ್ಲ. ಅಲ್ಲದೆ ಒಂದೊಂದನ್ನೂ ವಿವರಿಸಲು ನಿಮ್ಮಲ್ಲಿ ಸಮಯವಿಲ್ಲ. ಕೆಳಗಿನ ಜಾತಿಗಳು ಮೇಲಿನವರ ಆಚಾರ, ಊಟ, ಪೂಜೆಗಳನ್ನು ರೂಢಿಸಿಕೊಂಡು ಸ್ಥಾನ ಏರಲು ನೋಡುವುದನ್ನು ಅವರು 1952ರಲ್ಲಿ ಬಂದ ಕೊಡವರ ಕುರಿತ ಪುಸ್ತಕದಲ್ಲಿ ಸಂಸ್ಕೃತೀಕರಣ ಎಂದು ಕರೆದರು. ಇಷ್ಟು ಹೇಳಿದ ಕೂಡಲೇ ಅದಕ್ಕೆ ಬಂದ ಆಕ್ಷೇಪಗಳನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ, ಹೇಳಿದರೆ ಅತಿಥಿಯ ಉಪನ್ಯಾಸವನ್ನು ನೀವೇ ಶುರು ಮಾಡಿದಂತಾಗುತ್ತದೆ. ಪರಿಚಯಿಸುವವರು ಪರಿಕಲ್ಪನೆಯ ಚರ್ಚೆಗೆ ಇಳಿಯಬಾರದು ಎಂದು ನಾನು ಹೇಳುವುದು ಇದಕ್ಕೇ.

ಎರಡನೆಯ ಆಕರ್ಷಣೆ ಬೆಂಕಿಯ ಕಥೆ. 1970ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರು ಕೂತು ಬರೆಯುತ್ತಿದ್ದ ಸಂಶೋಧನಾ ಕೇಂದ್ರಕ್ಕೆ ಯಾರೋ ಬೆಂಕಿ ಹಚ್ಚಿದರು, ವರ್ಷಗಟ್ಟಲೆ ದುಡಿದ ಟಿಪ್ಪಣಿಗಳು ಸುಟ್ಟುಹೋದವು, ಅವರು ನೆನಪಿನಿಂದಲೇ ಹಳ್ಳಿಯ ಬಗ್ಗೆ ಬರೆದರು. ಆ ಪುಸ್ತಕ, ದಿ ರಿಮೆಂಬರ್ಡ್ ವಿಲೇಜ್, 1976ರಲ್ಲಿ ಬಂತು. ಕಥೆ ನಿಜ, ಕೇಳಿದವರ ಮನಸ್ಸು ತಟ್ಟುತ್ತದೆ. ಆದರೆ ವೇದಿಕೆಗಳಲ್ಲಿ ಇದು ಬೆಳೆಯುತ್ತ ಹೋಗಿದೆ. ಶ್ರೀನಿವಾಸರ ಸರ್ವಸ್ವವೂ ಸುಟ್ಟುಹೋಯಿತು, ಒಂದು ಹಾಳೆಯೂ ಉಳಿಯಲಿಲ್ಲ ಎನ್ನುವವರಿದ್ದಾರೆ. ಸುಟ್ಟದ್ದು ಮೂಲ ಟಿಪ್ಪಣಿಗಳನ್ನು ಆಧರಿಸಿ, ವಿಂಗಡಿಸಿ, ವರ್ಷಗಳ ಕಾಲ ಸಿದ್ಧಪಡಿಸಿಕೊಂಡಿದ್ದ ಪ್ರತಿಗಳು. ಮೂರು ಪ್ರತಿಗಳೂ ಅಲ್ಲೇ ಇದ್ದವು, ಅದೇ ದೊಡ್ಡ ನಷ್ಟ. ಹಳ್ಳಿಯಲ್ಲಿ ಕೂತು ಬರೆದ ಮೂಲ ಟಿಪ್ಪಣಿಗಳು ಭಾರತದಲ್ಲಿದ್ದವು. ಸಭೆಯಲ್ಲಿ ಶ್ರೀನಿವಾಸರ ಶಿಷ್ಯರೋ ಶಿಷ್ಯರ ಶಿಷ್ಯರೋ ಒಬ್ಬರಾದರೂ ಇರುತ್ತಾರೆ. ಉತ್ಪ್ರೇಕ್ಷೆ ಅವರ ಕಿವಿಗೆ ಬಿದ್ದರೆ ನಿಮ್ಮ ಉಳಿದ ಮಾತುಗಳ ಮೇಲೂ ಅವರಿಗೆ ನಂಬಿಕೆ ಹೋಗುತ್ತದೆ. ಇದೇ ಬಗೆಯ ಇನ್ನೊಂದು ಜಾಗ 'ರಾಂಪುರ'. ಅದು ಶ್ರೀನಿವಾಸರು ತಮ್ಮ ಬರಹಕ್ಕಾಗಿ ಇಟ್ಟ ಹೆಸರು, ಊರಿನ ನಿಜವಾದ ಹೆಸರು ಬೇರೆ. 'ರಾಂಪುರ ಎಂಬ ಗ್ರಾಮಕ್ಕೆ ಹೋದರು' ಎಂದರೆ ಆ ಪುಸ್ತಕವನ್ನು ನೀವು ತೆರೆದು ನೋಡಿಲ್ಲ ಎಂಬುದು ಓದಿದವರಿಗೆ ತಕ್ಷಣ ಗೊತ್ತಾಗುತ್ತದೆ.

ನಿಮ್ಮ ಅತಿಥಿಗೆ ಹೊಂದುವ ಭಾಗ ಬೇರೆಯದೇ ಇದೆ, ಅದೂ ಅದೇ ಪುಸ್ತಕದಲ್ಲಿದೆ. 1948ರಲ್ಲಿ ಶ್ರೀನಿವಾಸರು ಹಳ್ಳಿಯಲ್ಲಿ ಉಳಿದದ್ದು ಊರಿನ ಮುಖ್ಯಸ್ಥರಿಗೆ ಸೇರಿದ, ಎತ್ತುಗಳನ್ನು ಕಟ್ಟುವ ಮನೆಯಲ್ಲಿ. ಅವರು ಹುಟ್ಟಿನಿಂದ ಬ್ರಾಹ್ಮಣರು. ಆಶ್ರಯ ಕೊಟ್ಟವರು ಊರಿನ ಭೂಮಿ, ಮಾತು ಎರಡನ್ನೂ ಹಿಡಿದಿದ್ದ ಒಕ್ಕಲಿಗರ ಮುಂದಾಳು. ಯಾರ ಅಂಗಳದಲ್ಲಿ ಕೂರಬಹುದು, ಯಾರು ಇವರ ಬಳಿ ಬಂದು ಮನಬಿಚ್ಚಿ ಮಾತಾಡಬಹುದು, ಯಾವ ಬೀದಿಗೆ ಇವರು ಸಲೀಸಾಗಿ ಹೋಗಬಹುದು ಎಂಬುದೆಲ್ಲ ಆ ವಾಸ್ತವ್ಯದಿಂದಲೇ ತೀರ್ಮಾನವಾಯಿತು. ತಾವು ಊರನ್ನು ಕಂಡದ್ದು ಮೇಲುಜಾತಿಯ ಕಡೆಯಿಂದ ಎಂಬುದನ್ನು ಆ ಪುಸ್ತಕದಲ್ಲಿ ಅವರೇ ಒಪ್ಪಿಕೊಂಡಿದ್ದಾರೆ. ಕೇರಿಯಿಂದ ಊರನ್ನು ನೋಡಿದವರೊಬ್ಬರನ್ನು ಶ್ರೀನಿವಾಸರ ಹೆಸರಿನ ವೇದಿಕೆಗೆ ಕರೆಯಲು ಇದಕ್ಕಿಂತ ಒಳ್ಳೆಯ ಬಾಗಿಲು ಇಲ್ಲ. ನಿಮ್ಮ ಅತಿಥಿಯ ಪ್ರಶ್ನೆ ಶ್ರೀನಿವಾಸರಿಗೆ ಹೊರಗಿನಿಂದ ಬಂದ ದಾಳಿಯಾಗಿ ಉಳಿಯುವುದಿಲ್ಲ, ಅವರೇ ಗುರುತಿಸಿ ಬಿಟ್ಟುಹೋದ ಜಾಗದಿಂದ ಮುಂದುವರಿಯುತ್ತದೆ. ಇಬ್ಬರ ಗೌರವವೂ ಇದರಲ್ಲಿ ಉಳಿಯುತ್ತದೆ, ನೀವು ಒಂದು ಸುಳ್ಳನ್ನೂ ಹೇಳಬೇಕಾಗಿಲ್ಲ.

ಸುಳ್ಳು ಎಂದೆ. ಇಂಥ ಸಂದರ್ಭದಲ್ಲಿ ಭಿನ್ನಾಭಿಪ್ರಾಯವನ್ನು ಮುಚ್ಚಲು ಪರಿಚಯಿಸುವವರು 'ಶ್ರೀನಿವಾಸರ ಪರಂಪರೆಯನ್ನು ಮುನ್ನಡೆಸುತ್ತಿರುವ' ಎಂದುಬಿಡುತ್ತಾರೆ. ಅತಿಥಿ ಎದ್ದು ಬಂದು ಮೊದಲ ಐದು ನಿಮಿಷ ಅದನ್ನು ತಿದ್ದುವುದರಲ್ಲೇ ಕಳೆಯಬೇಕಾಗುತ್ತದೆ, ಮುಂದಿನ ಸಾಲಿನಲ್ಲಿ ಕೂತ ಬಂಧುಗಳಿಗೂ ಶಿಷ್ಯರಿಗೂ ಆಗ ನಿಜವಾಗಿ ಕಸಿವಿಸಿಯಾಗುತ್ತದೆ. ಇದಕ್ಕೆ ವಿರುದ್ಧವಾದ ತಪ್ಪೂ ಇದೆ: 'ಇವರು ಶ್ರೀನಿವಾಸರನ್ನು ಕಟುವಾಗಿ ಟೀಕಿಸಿದವರು, ಆದರೂ ನಾವು ಆಹ್ವಾನಿಸಿದ್ದೇವೆ' ಎನ್ನುವುದು. ಆ 'ಆದರೂ'ವಿನಲ್ಲಿ ಸಂಘಟಕರು ತಮ್ಮ ದೊಡ್ಡತನವನ್ನು ಮೆರೆಸುತ್ತಾರೆ, ಅತಿಥಿ ಕುಗ್ಗುತ್ತಾರೆ. ಬಂದವರನ್ನು ನೀವು ಕರೆದದ್ದು ಅವರ ಕೆಲಸಕ್ಕಾಗಿ, ಅದನ್ನು ಹಾಗೆಯೇ ಹೇಳಿ.

ಅತಿಥಿಯ ಬಯೋಡೇಟಾವನ್ನು ಏನು ಮಾಡಬೇಕು? ಅದರಲ್ಲಿ ಪದವಿಗಳು, ಹುದ್ದೆಗಳು, ಸಮಿತಿಗಳು, ಪ್ರಬಂಧಗಳು, ವಿದೇಶ ಪ್ರವಾಸಗಳು ಇರುತ್ತವೆ. ಅದರಿಂದ ಮೂರು ಸಂಗತಿ ಎತ್ತಿಕೊಂಡರೆ ಸಾಕು: ಈಗ ಎಲ್ಲಿದ್ದಾರೆ, ಇವತ್ತಿನ ವಿಷಯದ ಬಗ್ಗೆ ಮಾತನಾಡುವ ಅಧಿಕಾರ ಅವರಿಗೆ ಯಾವ ಕೆಲಸದಿಂದ ಬಂತು, ಆ ಕೆಲಸವನ್ನು ಹೇಗೆ ಮಾಡಿದರು. ಮೂರನೆಯದನ್ನು ಯಾರೂ ಹೇಳುವುದಿಲ್ಲ, ಸಭಿಕರು ನೆನಪಿಟ್ಟುಕೊಳ್ಳುವುದು ಅದನ್ನೇ. 'ದಲಿತ ಅಧ್ಯಯನದಲ್ಲಿ ಗಣನೀಯ ಕೊಡುಗೆ ನೀಡಿದ್ದಾರೆ' ಎಂದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಎಷ್ಟು ಹಳ್ಳಿ, ಯಾವ ತಾಲ್ಲೂಕು, ಎಲ್ಲಿ ಉಳಿದುಕೊಂಡರು, ಯಾರನ್ನು ಮಾತಾಡಿಸಿದರು ಎಂದರೆ ಕಾಣುತ್ತದೆ. ಫೋನಿನಲ್ಲಿ ಇದನ್ನೂ ಕೇಳಿಟ್ಟುಕೊಳ್ಳಿ. ಅತಿಥಿಯ ಜಾತಿ, ಕುಟುಂಬ, ಬಾಲ್ಯದ ಕಷ್ಟಗಳನ್ನು ಅವರಾಗಿಯೇ ಹೇಳಿ ಎನ್ನದ ಹೊರತು ವೇದಿಕೆಗೆ ತರಬೇಡಿ. ಕೇರಿಯ ಬಗ್ಗೆ ಸಂಶೋಧನೆ ಮಾಡಿದವರನ್ನು ಪರಿಚಯಿಸುವಾಗ ಈ ಎಚ್ಚರ ತಪ್ಪುವುದನ್ನು ಮತ್ತೆ ಮತ್ತೆ ನೋಡುತ್ತೇವೆ. ವಿದ್ವಾಂಸರಾಗಿ ಬಂದವರನ್ನು ಕರುಣೆಯ ಕಥೆಯಾಗಿ ಪರಿಚಯಿಸಿದರೆ ಅವರ ವಿದ್ವತ್ತಿಗೆ ಅವಮಾನ.

ಅಳತೆಯ ವಿಚಾರ. ವೇದಿಕೆಯ ಮೇಲೆ ಸ್ಪಷ್ಟವಾಗಿ, ನಿಲ್ಲಿಸಿ ನಿಲ್ಲಿಸಿ ಹೇಳಿದರೆ ಕನ್ನಡದಲ್ಲಿ ನಿಮಿಷಕ್ಕೆ ಸುಮಾರು 80ರಿಂದ 90 ಪದ ಹೋಗುತ್ತದೆ. ಐದು ನಿಮಿಷ ಕೊಟ್ಟಿದ್ದರೆ ಮೂರೂವರೆಗೆ ಬರೆಯಿರಿ. ಮೈಕಿನ ಬಳಿ ಹೋಗುವುದು, ಚಪ್ಪಾಳೆ, ಗಂಟಲು ಸರಿಮಾಡಿಕೊಳ್ಳುವುದು ಉಳಿದದ್ದನ್ನು ನುಂಗುತ್ತದೆ. ಆ ಮೂರೂವರೆಯಲ್ಲಿ ಶ್ರೀನಿವಾಸರಿಗೆ ಒಂದೂಕಾಲು, ಅತಿಥಿಗೆ ಒಂದೂವರೆ, ಇಬ್ಬರನ್ನು ಬೆಸೆಯುವ ಮಾತಿಗೂ ಶೀರ್ಷಿಕೆಗೂ ಉಳಿದದ್ದು. ಅನುಕ್ರಮವೂ ಮುಖ್ಯ: ಮೊದಲು ಶ್ರೀನಿವಾಸರು, ಕೊನೆಗೆ ಅತಿಥಿ. ಅತಿಥಿಯಿಂದ ಶುರು ಮಾಡಿ ಸ್ಮರಣೆಯಲ್ಲಿ ಮುಗಿಸಿದರೆ ಸಭೆ ಗಂಭೀರವಾಗಿ ಮೌನವಾಗುತ್ತದೆ, ಆ ಮೌನದಲ್ಲಿ ಅತಿಥಿ ಎದ್ದು ನಡೆದುಬರುವುದು ಅವರಿಗೂ ಕಷ್ಟ, ಕೂತವರಿಗೂ ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯುವುದಿಲ್ಲ.

ನಿಮ್ಮ ಅತಿಥಿಯ ವಿವರ ನನ್ನ ಬಳಿ ಇಲ್ಲ. ಊಹೆಯ ವಿವರಗಳನ್ನು ಹಾಕಿ ಒಂದು ಮಾದರಿ ಬರೆದಿದ್ದೇನೆ. ಅತಿಥಿಗೆ ಸಂಬಂಧಿಸಿದ್ದನ್ನೆಲ್ಲ ನಿಮ್ಮವರಿಗೆ ತಕ್ಕಂತೆ ಬದಲಾಯಿಸಿ. ಶ್ರೀನಿವಾಸರ ಬಗೆಗಿನದು ಹಾಗೆಯೇ ಇರಬಹುದು.

'ಎಲ್ಲರಿಗೂ ನಮಸ್ಕಾರ. 1948ರಲ್ಲಿ, ಆಕ್ಸ್‌ಫರ್ಡ್‌ನಲ್ಲಿ ಡಾಕ್ಟರೇಟ್ ಮುಗಿಸಿದ್ದ 31 ವರ್ಷದ ಮೈಸೂರಿಗರೊಬ್ಬರು ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಬಂದು ಉಳಿದರು. ಊರಿನ ಮುಖ್ಯಸ್ಥರಿಗೆ ಸೇರಿದ, ಎತ್ತು ಕಟ್ಟುವ ಮನೆಯೇ ಅವರ ಬಿಡಾರ. ಜಾತಿ ಎಂದರೆ ನಾಲ್ಕು ವರ್ಣ ಎಂದು ಪುಸ್ತಕಗಳು ಹೇಳುತ್ತಿದ್ದ ಕಾಲದಲ್ಲಿ ಅವರು ಜಗಲಿಯಲ್ಲಿ ಕೂತು, ಗದ್ದೆಯ ಬದುವಿನಲ್ಲಿ ನಡೆದು, ಯಾರು ಯಾರ ಮಾತು ಕೇಳುತ್ತಾರೆ, ಯಾರ ಜಗಳವನ್ನು ಯಾರು ತೀರಿಸುತ್ತಾರೆ ಎಂದು ನೋಡಿ ಬರೆದುಕೊಂಡರು. ನಮ್ಮ ಹಳ್ಳಿಯನ್ನು ಅರಿಯಲು ಹಳ್ಳಿಗೇ ಹೋಗಬೇಕು ಎಂದು ಈ ದೇಶದ ಒಂದು ತಲೆಮಾರಿಗೆ ಕಲಿಸಿದವರು ಎಂ.ಎನ್. ಶ್ರೀನಿವಾಸ್.

ಆ ಹಳ್ಳಿಯ ಬಗ್ಗೆ ಅವರ ಪುಸ್ತಕ ಬಂದದ್ದು 1976ರಲ್ಲಿ. ಅದರಲ್ಲಿ ಅವರು ಇನ್ನೊಂದು ಸಂಗತಿಯನ್ನೂ ಮುಚ್ಚಿಡಲಿಲ್ಲ. ಊರನ್ನು ತಾವು ನೋಡಿದ್ದು ಮೇಲುಜಾತಿಯವರ ನಡುವೆ ಇದ್ದುಕೊಂಡು ಎಂದು ಒಪ್ಪಿಕೊಂಡರು. ನಾವು ಎಲ್ಲಿ ಉಳಿದುಕೊಳ್ಳುತ್ತೇವೆ ಎಂಬುದರ ಮೇಲೆ ನಮಗೆ ಏನು ಕಾಣುತ್ತದೆ ಎಂಬುದು ನಿಂತಿದೆ.

ಇವತ್ತು ನಮ್ಮೊಡನೆ ಇರುವವರು ಊರಿನ ಇನ್ನೊಂದು ತುದಿಯಲ್ಲಿ ಉಳಿದುಕೊಂಡವರು. ಎರಡು ಹಳ್ಳಿಗಳ ಕೇರಿಗಳಲ್ಲಿ, ಕೂಲಿಗೆ ಹೋಗುವ ಹೆಂಗಸರ ಮನೆಗಳಲ್ಲೇ ಇದ್ದು, ಅವರ ಜೊತೆ ನಾಟಿಗೂ ಕಳೆಗೂ ಹೋಗಿ, ಊರಿನವರ ಬಗ್ಗೆ ಕೇರಿಯವರು ಏನೆನ್ನುತ್ತಾರೆ ಎಂಬುದನ್ನು ದಾಖಲಿಸಿದವರು. ಅಲ್ಲಿಂದ ನೋಡಿದಾಗ ಶ್ರೀನಿವಾಸರ ಕೆಲವು ತೀರ್ಮಾನಗಳು ನಿಲ್ಲುವುದಿಲ್ಲ ಎಂದು ಅವರು ಬರೆದಿದ್ದಾರೆ. ಆ ವಾದವನ್ನು ಅವರ ಬಾಯಿಂದಲೇ ಕೇಳಬೇಕೆಂದು ನಮ್ಮ ವಿಭಾಗ ಅವರನ್ನು ಆಹ್ವಾನಿಸಿದೆ. ಸದ್ಯ ಅವರು ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕರು. ಇವತ್ತಿನ ವಿಷಯ: ಕೇರಿಯಿಂದ ಕಂಡ ಊರು. ಮಾತನಾಡಬೇಕೆಂದು ಕೋರುತ್ತೇನೆ, ಡಾ...' ಇಲ್ಲಿ ಅತಿಥಿಯ ಪೂರ್ಣ ಹೆಸರು ಬರುತ್ತದೆ.

ಮಾದರಿಯಲ್ಲಿ ನಾನು ಬಿಟ್ಟದ್ದನ್ನು ಗಮನಿಸಿ. ಬೆಂಕಿ ಇಲ್ಲ. ಪ್ರಶಸ್ತಿ ಇಲ್ಲ. ಸಂಸ್ಕೃತೀಕರಣದ ಹೆಸರೂ ಇಲ್ಲ, ಏಕೆಂದರೆ ಅತಿಥಿ ಅದನ್ನೇ ಎತ್ತಿಕೊಳ್ಳುವ ಸಾಧ್ಯತೆ ಹೆಚ್ಚು, ಆಗ ಸಭಿಕರು ಅದನ್ನು ಅವರಿಂದಲೇ ಹೊಸದಾಗಿ ಕೇಳುತ್ತಾರೆ. ಅತಿಥಿಯ ವಾದ ಇದೆ ಎಂದು ಹೇಳಿದ್ದೇನೆ, ವಾದ ಏನು ಎಂದು ಹೇಳಿಲ್ಲ. ಉಪನ್ಯಾಸದ ಸಾರಾಂಶ ನಿಮಗೆ ಮುಂಚೆಯೇ ಬಂದಿದ್ದರೂ ಅದನ್ನು ಓದಿ ಹೇಳಬೇಡಿ. ಎರಡನೆಯ ಭಾಗ ಮೂರು ನಾಲ್ಕು ವಾಕ್ಯಗಳಲ್ಲಿ ಮುಗಿಯುತ್ತದೆ, ಇಡೀ ಪರಿಚಯ ಅದರ ಮೇಲೆ ನಿಂತಿದೆ. ಅಲ್ಲಿ ಅವಸರ ಮಾಡಬೇಡಿ, ಒಂದೆರಡು ಕ್ಷಣ ನಿಲ್ಲಿ. ಅತಿಥಿಯ ಹೆಸರನ್ನು ಕೊನೆಯ ಪದವಾಗಿ ಇಟ್ಟದ್ದಕ್ಕೂ ಕಾರಣವಿದೆ: ಹೆಸರು ಕಿವಿಗೆ ಬಿದ್ದ ಕೂಡಲೇ ಸಭೆ ಚಪ್ಪಾಳೆ ತಟ್ಟುತ್ತದೆ, ಅದರ ಮೇಲೆ ನೀವು ಇನ್ನೂ ಎರಡು ವಾಕ್ಯ ಹೇಳಿದರೆ ಯಾರಿಗೂ ಕೇಳಿಸುವುದಿಲ್ಲ. ಬ್ಯಾನರಿನಲ್ಲಿ, ಆಹ್ವಾನ ಪತ್ರಿಕೆಯಲ್ಲಿ, ಸ್ವಾಗತದಲ್ಲಿ ಹೆಸರು ಆಗಲೇ ಬಂದಿರುವುದರಿಂದ ನಡುವೆ ಹೇಳದೆ ಹೋದರೂ ಗೊಂದಲವಾಗುವುದಿಲ್ಲ.

ಬರೆದದ್ದು ಸರಿಯಾಗಿದೆಯೇ ಎಂದು ಪರೀಕ್ಷಿಸಲು ಒಂದು ದಾರಿ ಇದೆ. ಶ್ರೀನಿವಾಸ್ ಎಂದಿರುವ ಕಡೆಯೆಲ್ಲ ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ ಅವರ ಹೆಸರು ಹಾಕಿ ಓದಿ. ವಾಕ್ಯ ಹಾಗೆಯೇ ನಿಂತರೆ ಅದು ಶ್ರೀನಿವಾಸರ ಬಗ್ಗೆ ಏನನ್ನೂ ಹೇಳುತ್ತಿಲ್ಲ, ಹೊಡೆದುಹಾಕಿ. 'ಮೇರು ವಿದ್ವಾಂಸರು', 'ಅಪಾರ ಶಿಷ್ಯ ಬಳಗವನ್ನು ಹೊಂದಿದ್ದವರು', 'ಅವರ ಅಗಲಿಕೆ ತುಂಬಲಾರದ ನಷ್ಟ' ಇವೆಲ್ಲ ಈ ಜರಡಿಯಲ್ಲಿ ಉದುರುತ್ತವೆ. ಅತಿಥಿಯ ಭಾಗಕ್ಕೂ ಇದೇ ಮಾಡಿ. ಹೋದ ವರ್ಷ ಬಂದಿದ್ದವರ ಹೆಸರು ಹಾಕಿದರೂ ಹೊಂದುವುದಾದರೆ ಮತ್ತೆ ಫೋನ್ ಮಾಡಿ ಇನ್ನೊಂದು ವಿವರ ಕೇಳಿ. ಆಮೇಲೆ ಮೊಬೈಲಿನಲ್ಲಿ ಸಮಯ ಇಟ್ಟುಕೊಂಡು ಗಟ್ಟಿಯಾಗಿ ಓದಿ. ಮನಸ್ಸಿನಲ್ಲೇ ಓದಿದ ಅಳತೆ ಯಾವಾಗಲೂ ಕಡಿಮೆ ತೋರಿಸುತ್ತದೆ.

ಬಂಧುಗಳ ಬಗ್ಗೆಯೂ ಹೇಳಬೇಕು. ನಿಮ್ಮದು ದತ್ತಿ ಉಪನ್ಯಾಸವಾಗಿದ್ದರೆ ದತ್ತಿ ಇಟ್ಟವರು, ಇಲ್ಲದಿದ್ದರೂ ಕೆಲವೊಮ್ಮೆ ವಿದ್ವಾಂಸರ ಕುಟುಂಬದವರು ಸಭೆಯಲ್ಲಿರುತ್ತಾರೆ. ಅವರನ್ನು ಹೆಸರಿಸಿ ವಂದಿಸುವುದು ಸ್ವಾಗತದವರ ಕೆಲಸ. ಪರಿಚಯದ ನಡುವೆ ಅವರತ್ತ ತಿರುಗಿ ಕೌಟುಂಬಿಕ ನೆನಪುಗಳನ್ನು ಹೇಳಿದರೆ ಸಭೆಯ ಕಣ್ಣೆಲ್ಲ ಅವರ ಮೇಲೆ ನೆಡುತ್ತದೆ, ಅತಿಥಿ ಬದಿಗೆ ಸರಿಯುತ್ತಾರೆ. ಆದರೆ ಎರಡನೆಯ ಭಾಗದಲ್ಲಿ ನೀವು ಹೇಳಲಿರುವುದು ಸೂಕ್ಷ್ಮವಾದದ್ದು. ಶ್ರೀನಿವಾಸರಿಗೆ ಹತ್ತಿರದವರು ಬರುತ್ತಾರೆಂದು ಗೊತ್ತಿದ್ದರೆ ಕಾರ್ಯಕ್ರಮಕ್ಕೆ ಮುಂಚೆ, ಕಾಫಿ ಕೊಡುವ ಹೊತ್ತಿಗೆ, ಅವರ ಬಳಿ ಹೋಗಿ 'ಆ ಪುಸ್ತಕದಲ್ಲಿ ಅವರೇ ಬರೆದ ಮಾತೊಂದನ್ನು ನೆನೆಯುತ್ತೇನೆ' ಎಂದು ಹೇಳಿಬಿಡಿ. ಶ್ರೀನಿವಾಸರನ್ನು ಬಲ್ಲವರಿಗೆ ಅವರ ಆ ಪ್ರಾಮಾಣಿಕತೆಯೇ ಹೆಮ್ಮೆಯ ಸಂಗತಿ. ಅದನ್ನು ಸಾವಿರ ವಿಶೇಷಣಗಳಿಗಿಂತ ಮೇಲಿನ ಗೌರವ ಎಂದು ನಾನು ತಿಳಿಯುತ್ತೇನೆ.

ಕಾರ್ಯಕ್ರಮ ತಡವಾಗಿ ಶುರುವಾಗುವುದು, ಪ್ರಾಸ್ತಾವಿಕದವರು ಮಾತು ಕೊಟ್ಟಿದ್ದರೂ ನಿಮ್ಮ ಭಾಗವನ್ನೇ ಹೇಳಿಬಿಡುವುದು, ಎರಡೂ ಆಗಬಹುದು. ಅದಕ್ಕಾಗಿ ಚೀಟಿಯಲ್ಲಿ ಮೊದಲ ಭಾಗಕ್ಕೆ ಪೆನ್ಸಿಲಿನಿಂದ ಒಂದು ಚೌಕ ಹಾಕಿಟ್ಟುಕೊಳ್ಳಿ. ಹಾಗಾದರೆ ಚೌಕದೊಳಗಿನದನ್ನು ಪೂರ್ತಿ ಬಿಟ್ಟು, 'ಈಗ ಹೇಳಿದ ಆ ಹಳ್ಳಿಯ ಬಗ್ಗೆ ಶ್ರೀನಿವಾಸರು ಇನ್ನೊಂದು ಸಂಗತಿಯನ್ನೂ ಬರೆದಿದ್ದಾರೆ' ಎಂದು ನೇರವಾಗಿ ಎರಡನೆಯ ಭಾಗದಿಂದ ಶುರು ಮಾಡಿ. ಒಂದು ನಿಮಿಷ ಉಳಿಯುತ್ತದೆ, ಅದು ಅತಿಥಿಗೆ ಹೋಗಲಿ. ಹೆಸರು ಕರೆದ ಮೇಲೆ ತಕ್ಷಣ ನಿಮ್ಮ ಕುರ್ಚಿಗೆ ಓಡಬೇಡಿ. ಅವರು ಮೈಕಿನ ಹತ್ತಿರ ಬಂದು, ಅದರ ಎತ್ತರ ಸರಿಮಾಡಿಕೊಂಡು, ಮೇಜಿನ ಮೇಲೆ ಹಾಳೆಗಳನ್ನು ಇಡುವವರೆಗೆ ಪಕ್ಕದಲ್ಲಿ ನಿಂತಿರಿ. ನೀರಿನ ಬಾಟಲಿ ಅಲ್ಲಿದೆಯೇ ಎಂದು ನೋಡಿ, ನಿಮ್ಮ ಚೀಟಿಯನ್ನು ಎತ್ತಿಕೊಂಡು ಬನ್ನಿ.